ಲೈನ್‌ಮನ್ ಮೈನಸ್ ಮೂರು

ಕನಕಪುರದ ಅನಂತರಾಜು ಅವರ ಲ್ಯಾಪ್‌ಟಾಪಿನಲ್ಲಿ 1,840 ಕರೋಕೆ ಟ್ರ್ಯಾಕ್‌ಗಳಿದ್ದವು. ಗಾಯಕರ ದನಿ ಇಲ್ಲದೆ ವಾದ್ಯಗಳಷ್ಟೇ ಇರುವ ಹಾಡುಗಳು. ಮೈಕ್ ಹಿಡಿದ ಯಾರೇ ಆದರೂ ಅವುಗಳ ಮೇಲೆ ಹಾಡಬಹುದು. ಗೃಹಪ್ರವೇಶ, ನಾಮಕರಣ, ನಿವೃತ್ತಿ ಸಮಾರಂಭಗಳಿಗೆ ಸೌಂಡ್ ಸಿಸ್ಟಂ ಹಾಕುವುದು ಅವರ ಕಸುಬು. ಹಾಡುವ ಆಸೆಯುಳ್ಳವರಿಗೆ ಮನೆಯ ಮಹಡಿ ಕೋಣೆಯಲ್ಲಿ ಅಭ್ಯಾಸ ಮಾಡಿಸುವುದೂ ಅದರ ಜೊತೆಗೆ ಸೇರಿಕೊಂಡಿತ್ತು.

ಆ ಟ್ರ್ಯಾಕ್‌ಗಳಲ್ಲಿ ಒಂದಕ್ಕೂ ಹಾಡಿನ ಹೆಸರಿರಲಿಲ್ಲ. ‘ಹಲ್ಲಿನ ಡಾಕ್ಟರ್ ಪ್ಲಸ್ 1’, ‘ಖುರ್ಷಿದಾ ಮೇಡಂ 0 ಚಪ್ಪಾಳೆ ಬೀಳೋದು’, ‘ಕಬ್ಬಾಳು ಹುಚ್ಚಯ್ಯ ಮೈನಸ್ 5 ಅಳೋ ಹಾಡು’ ಎಂದು ಹಾಡುವವರ ಹೆಸರಿನಲ್ಲೇ ಇದ್ದವು. ಅನಂತರಾಜುಗೆ ನೆನಪಿರುತ್ತಿದ್ದದ್ದು ಜನ. ಪ್ಲಸ್, ಮೈನಸ್ ಎಂದರೆ ಶ್ರುತಿಯ ಲೆಕ್ಕ. ಮೂಲ ಹಾಡಿನ ಎತ್ತರಕ್ಕೆ ಎಲ್ಲರ ಗಂಟಲೂ ಏರುವುದಿಲ್ಲ. ಕಂಪ್ಯೂಟರ್‌ನಲ್ಲಿ ಟ್ರ್ಯಾಕನ್ನು ಮೂರು ಅರ್ಧಸ್ವರ ಇಳಿಸಿದರೆ ಅದು ಮೈನಸ್ ಮೂರು. ಶ್ರುತಿ ಇಳಿದರೂ ವೇಗ ಬದಲಾಗುವುದಿಲ್ಲ. ನಾಲ್ಕು ನಿಮಿಷ ಹನ್ನೆರಡು ಸೆಕೆಂಡಿನ ಹಾಡು ಅಷ್ಟೇ ಉದ್ದ ಇರುತ್ತದೆ.

ಲ್ಯಾಪ್‌ಟಾಪಿಗೆ ಒಂಬತ್ತು ವರ್ಷವಾಗಿತ್ತು. ಜೂನ್‌ನಲ್ಲಿ ಕಬ್ಬಾಳಿನ ಒಂದು ನಾಮಕರಣದಲ್ಲಿ ಹುಚ್ಚಯ್ಯ ‘ಅಳೋ ಹಾಡಿ’ನ ನಡುವೆ ಇದ್ದಾಗ ಅದು ಸ್ತಬ್ಧವಾಯಿತು. ಹುಚ್ಚಯ್ಯ ಕಣ್ಣು ಮುಚ್ಚಿಕೊಂಡು ಹಾಡುತ್ತಲೇ ಇದ್ದರು. ಜನ ನಕ್ಕಾಗ ಕಣ್ಣು ಬಿಟ್ಟು, “ಯಾವ್ನ್ಲಾ ಕರೆಂಟ್ ತೆಗ್ದೋನು” ಎಂದರು. ಅಂದೇ ಅನಂತರಾಜು ಹಾಡುಗಳನ್ನೆಲ್ಲ ಟ್ಯಾಬ್‌ಗೆ ಸಾಗಿಸಬೇಕೆಂದು ನಿರ್ಧರಿಸಿದರು.

ಅದಕ್ಕೆ ದಾರಿ ಇತ್ತು. ಅವರ ಮನೆಯಲ್ಲಿ ‘ಹಾಡುಗೂಡು’ ಎಂಬ ಸಂಗೀತ ಆ್ಯಪ್‌ನ ಚಂದಾ ಇತ್ತು. ಅದರಲ್ಲಿ ಕಂಪನಿಯ ಲಕ್ಷಾಂತರ ಹಾಡುಗಳ ಜೊತೆಗೆ, ನಮ್ಮ ಕಂಪ್ಯೂಟರ್‌ನಲ್ಲಿರುವ ಹಾಡುಗಳನ್ನೂ ಸೇರಿಸಿಕೊಳ್ಳಬಹುದು. ಒಮ್ಮೆ ಸೇರಿಸಿದರೆ ಫೋನ್, ಟ್ಯಾಬ್ ಎಲ್ಲದರಲ್ಲೂ ಕಾಣಿಸುತ್ತವೆ.

“ಈ ಹೆಸರುಗಳ್ನ ಇಟ್ಕೊಂಡಾ ಮೇಲಕ್ಕೆ ಕಳ್ಸೋದು?” ಎಂದರು ಅವರ ಹೆಂಡತಿ ಲತಾಮಣಿ. ಅವರು ಊರಿನ ಕಾಲೇಜೊಂದರ ಗ್ರಂಥಾಲಯದಲ್ಲಿ ಹದಿನೇಳು ವರ್ಷದಿಂದ ಕೆಲಸ ಮಾಡುತ್ತಿದ್ದವರು. “‘ಚಪ್ಪಾಳೆ ಬೀಳೋದು’ ಅಂತ ಯಾರಾದ್ರೂ ಹಾಡಿಗೆ ಹೆಸರಿಡ್ತಾರೇನ್ರಿ?”

“ನಂಗೆ ಗೊತ್ತಾಯ್ತದೆ ಬುಡು.”

“ನಾಳೆ ನಿಮ್ಗೆ ಜ್ವರ ಬಂದ್ರೆ ನಂಗೆ ಗೊತ್ತಾಗ್ಬೇಕಲ್ಲ.”

ಲತಾಮಣಿ ಮೂರು ವಾರ ಕೂತರು. ಹಳೆಯ ಕರೋಕೆ ಸಿ.ಡಿ.ಗಳ ಹೊದಿಕೆ ನೋಡಿ, ಪ್ರತಿ ಫೈಲಿಗೂ ಹಾಡಿನ ಹೆಸರು, ಕಲಾವಿದರು, ಆಲ್ಬಮ್, ವರ್ಷ ತುಂಬಿದರು. ಅನಂತರಾಜು ಪಕ್ಕದಲ್ಲಿ ಕೂತು ಯಾವುದು ಯಾವ ಹಾಡು ಎಂದು ಹೇಳುತ್ತ ಹೋದರು. ಮೈನಸ್, ಪ್ಲಸ್‌ಗಳನ್ನು ಏನು ಮಾಡುವುದು ಎಂಬ ಪ್ರಶ್ನೆ ಬಂತು. ಹೆಸರಿನ ಜಾಗದಲ್ಲಿ ಅವು ಅಸಹ್ಯವಾಗಿ ಕಾಣುತ್ತವೆ ಎಂದು ಲತಾಮಣಿ ಬೇರೆ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು.

ಈ ಕೆಲಸ ನಡೆಯುತ್ತಿದ್ದ ದಿನಗಳಲ್ಲೇ ಪ್ರತಿ ಬುಧವಾರ ಸಂಜೆ ಮಹಡಿ ಹತ್ತಿ ಬರುತ್ತಿದ್ದವರು ವೃಷಭೇಂದ್ರಪ್ಪ. ಅರವತ್ತಾರು ವರ್ಷ. ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್ ಆಗಿ, ಕೊನೆಗೆ ಕನಕಪುರದಲ್ಲೇ ನಿವೃತ್ತರಾಗಿ, ಅಲ್ಲೇ ಮನೆ ಮಾಡಿದವರು. ಅವರಿಗೆ ಬೇಕಾಗಿದ್ದದ್ದು ಒಂದೇ ಹಾಡು. ‘ಹೊಳೆಯಾಚೆ ಹಚ್ಚಿಟ್ಟ ದೀಪ’. ಅದನ್ನು ಆಗಸ್ಟ್ ಎರಡನೇ ಭಾನುವಾರ ಮಾಗಡಿಯಲ್ಲಿ, ಭಾಮೈದ ರುದ್ರಪ್ರಸಾದ್‌ನ ಷಷ್ಟ್ಯಬ್ದಿಯಲ್ಲಿ, ಎಲ್ಲೂ ದನಿ ಒಡೆಯದಂತೆ ಹಾಡಬೇಕಿತ್ತು.

ಕಾರಣ ಹಳೆಯದು. ಒಂಬತ್ತು ವರ್ಷದ ಹಿಂದೆ ರುದ್ರಪ್ರಸಾದ್‌ನ ಹೊಸ ಮನೆಯ ಪ್ರವೇಶದಲ್ಲಿ ವೃಷಭೇಂದ್ರಪ್ಪ ಇದೇ ಹಾಡು ಹಾಡಲು ಹೋಗಿ, ಚರಣದ ಮೇಲಿನ ಸ್ವರದಲ್ಲಿ ದನಿ ಒಡೆದು, ಕೆಮ್ಮಿ, ಕೆಳಗಿಳಿದಿದ್ದರು. ಮಾಗಡಿಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದ ರುದ್ರಪ್ರಸಾದ್‌ಗೆ ಆ ದಿನದಿಂದ ಒಂದು ಸರಕು ಸಿಕ್ಕಿತು. ಯಾವ ಮದುವೆಯಲ್ಲಿ ಸಿಕ್ಕರೂ, “ಭಾವ, ಫ್ಯೂಸ್ ಹಾಕ್ಸಿದ್ರಾ?” ಎನ್ನುತ್ತಿದ್ದ. ಊಟದ ಸಾಲಿನಲ್ಲಿ ಕೂತರೆ, “ನಮ್ ಭಾವಂಗೆ ಖಾರ ಬಡಿಸ್ಬೇಡಿ, ಲೈನ್ ಟ್ರಿಪ್ ಆಯ್ತದೆ” ಎನ್ನುತ್ತಿದ್ದ. ಷಷ್ಟ್ಯಬ್ದಿಯ ದಿನ ಗೊತ್ತಾದ ಕೂಡಲೇ, ಆರು ತಿಂಗಳು ಮೊದಲೇ ಕರೆಯಲು ಬಂದಾಗಲೂ, “ಕಾರ್ಯಕ್ರಮದ ಪಟ್ಟೀಲಿ ನಿಮ್ ಹೆಸ್ರು ಹಾಕ್ಸಿವ್ನಿ ಭಾವ. ಜನರೇಟರೂ ಹೇಳಿವ್ನಿ” ಎಂದು ಹೋಗಿದ್ದ.

ವೃಷಭೇಂದ್ರಪ್ಪ ಆ ಮರುದಿನವೇ ಅನಂತರಾಜು ಮನೆಯ ಬಾಗಿಲು ತಟ್ಟಿದ್ದರು. ಅನಂತರಾಜು ಅವರ ದನಿಯನ್ನು ಹತ್ತು ನಿಮಿಷ ಕೇಳಿ, “ನಿಮ್ ಗಂಟ್ಲಲ್ಲಿ ಏನೂ ದೋಷ ಇಲ್ಲ ಯಜಮಾನ್ರೆ. ಏಣಿ ಉದ್ದ ಆಗ್ಬುಟ್ಟೈತೆ, ಅಷ್ಟೆ. ಮೂರು ಮೆಟ್ಲು ಇಳ್ಸಾನ” ಎಂದಿದ್ದರು. ಆರು ತಿಂಗಳ ನಂತರ, ಮೈನಸ್ ಮೂರರಲ್ಲಿ, ಆ ಚರಣ ಹತ್ತರಲ್ಲಿ ಹತ್ತು ಸಲವೂ ಸರಿಯಾಗಿ ಬರುತ್ತಿತ್ತು. ಒಂದು ಸಣ್ಣ ದೋಷ ಮಾತ್ರ ಉಳಿದಿತ್ತು. ಚರಣ ಎತ್ತುವ ಮೊದಲು ಅವರು ಅರೆಕ್ಷಣ ಕಾಯುತ್ತಿದ್ದರು, ಯಾರೋ ಏನೋ ಹೇಳಲಿ ಎನ್ನುವವರ ಹಾಗೆ. ಅನಂತರಾಜು ಬೆರಳೆತ್ತಿ ಸನ್ನೆ ಮಾಡಿದರೆ ಸರಿಹೋಗುತ್ತಿತ್ತು.

ಸಮಾರಂಭಕ್ಕೆ ಹತ್ತು ದಿನ ಇರುವಾಗ ಹಾಡುಗಳು ಆ್ಯಪ್‌ಗೆ ಹತ್ತಿದವು. ಎರಡು ದಿನ ಹಿಡಿಯಬಹುದೆಂದು ಅಂದಾಜು ಮಾಡಿದ್ದರೂ ಒಂದೇ ಮಧ್ಯಾಹ್ನದಲ್ಲಿ ಬಹುಪಾಲು ಮುಗಿಯಿತು. ಪ್ರತಿ ಹಾಡಿನ ಮುಂದೆಯೂ ಒಂದು ಸ್ಥಿತಿ ಬರೆದಿತ್ತು. 1,406 ಹಾಡುಗಳ ಮುಂದೆ ‘ಹೊಂದಿಕೆಯಾಗಿದೆ’ ಎಂದಿತ್ತು. 397ರ ಮುಂದೆ ‘ಅಪ್‌ಲೋಡ್ ಆಗಿದೆ’ ಎಂದಿತ್ತು. ಗುಣಮಟ್ಟ ತೀರ ಕಡಿಮೆ ಇದ್ದ 37 ಫೈಲುಗಳನ್ನು ಅದು ತೆಗೆದುಕೊಳ್ಳಲಿಲ್ಲ.

“ಸಾವಿರದ ನಾನೂರು ಹೊಂದಿಕೆ. ಹೆಸ್ರು ಸರಿಯಾಗಿ ಬರ್ದಿದ್ಕೆ ಅದು ಗುರ್ತು ಹಿಡೀತು ನೋಡಿ” ಎಂದರು ಲತಾಮಣಿ. ಅದು ನಿಜವೂ ಆಗಿತ್ತು.

ಹೊಂದಿಕೆ ಎಂದರೇನು ಎಂದು ಇಬ್ಬರೂ ಓದಲಿಲ್ಲ. ಆದರೆ ಲತಾಮಣಿ ಪರೀಕ್ಷೆ ಮಾಡದೆ ಬಿಡುವವರಲ್ಲ. ಲ್ಯಾಪ್‌ಟಾಪಿನಲ್ಲಿ ಆ್ಯಪ್ ತೆರೆದು ಹತ್ತು ಹಾಡು ಹಾಕಿ ನೋಡಿದರು. ಹತ್ತೂ ಸರಿಯಾಗಿದ್ದವು. ಅನಂತರಾಜು ಟ್ಯಾಬ್‌ನಲ್ಲಿ ನಾಲ್ಕಾರು ಹಾಡುಗಳ ಮೊದಲ ಅರ್ಧ ನಿಮಿಷ ಕೇಳಿದರು. “ಇದ್ರಲ್ಲಿ ಇನ್ನೂ ಕ್ಲಿಯರ್ ಐತೆ ಕಣೆ. ತಬಲ ಮುಂದೆ ಕೂತಂಗೆ ಕೇಳ್ತದೆ” ಎಂದು ಸಂತೋಷಪಟ್ಟರು. ಬುಧವಾರ ವೃಷಭೇಂದ್ರಪ್ಪ ಕೊನೆಯ ಅಭ್ಯಾಸಕ್ಕೆ ಬಂದಾಗ ಎಂದಿನಂತೆ ಲ್ಯಾಪ್‌ಟಾಪಿನಲ್ಲೇ ಹಾಡಿ ಹೋದರು. ಗುರುವಾರ ಬೆಳಿಗ್ಗೆ ಲ್ಯಾಪ್‌ಟಾಪಿನಲ್ಲಿ ಜಾಗವಿಲ್ಲವೆಂಬ ಸೂಚನೆ ಬಂತು. ಎಲ್ಲವೂ ಮೇಲೆ ಹೋಗಿದೆ, ಎರಡೆರಡು ಕಡೆ ಯಾಕೆ ಎಂದು ಅನಂತರಾಜು ಆ 1,803 ಫೈಲುಗಳನ್ನು ಅಳಿಸಿಹಾಕಿ, ಕಸದ ಬುಟ್ಟಿಯನ್ನೂ ಖಾಲಿ ಮಾಡಿದರು.

ಭಾನುವಾರ ಮಧ್ಯಾಹ್ನ ಮೂರೂವರೆಗೆ ಅವರ ಓಮ್ನಿ ವ್ಯಾನ್ ರಾಮನಗರ ದಾಟಿ ಮಾಗಡಿಯ ಸಮುದಾಯ ಭವನದ ಮುಂದೆ ನಿಂತಿತು. ಲತಾಮಣಿಯೂ ಬಂದಿದ್ದರು. ಕಾರ್ಯಕ್ರಮ ಆರೂವರೆಗೆ, ಹಾಡು ಏಳರ ಸುಮಾರಿಗೆ. ನಾಲ್ಕು ಸ್ಪೀಕರ್ ನಿಲ್ಲಿಸಿ, ಮಿಕ್ಸರ್‌ಗೆ ಟ್ಯಾಬ್ ಜೋಡಿಸಿ, ನಾಲ್ಕೂ ಮುಕ್ಕಾಲಿಗೆ ಅನಂತರಾಜು ವೃಷಭೇಂದ್ರಪ್ಪನವರನ್ನು ವೇದಿಕೆಗೆ ಕರೆದರು. ಸಭಾಂಗಣದಲ್ಲಿ ಕುರ್ಚಿ ಹಾಕುತ್ತಿದ್ದವರ ಹೊರತು ಯಾರೂ ಇರಲಿಲ್ಲ. ವೃಷಭೇಂದ್ರಪ್ಪನವರ ಹೆಂಡತಿ ಗಿರಿಜಾಂಬ ಮಾತ್ರ ಮೊದಲ ಸಾಲಿನಲ್ಲಿ ಕೂತು ಹೂ ಕಟ್ಟುತ್ತಿದ್ದರು.

ಪಲ್ಲವಿಯಲ್ಲೇ ವೃಷಭೇಂದ್ರಪ್ಪನವರ ಕತ್ತಿನ ನರ ಉಬ್ಬಿತು. ಚರಣದ ಮೇಲಿನ ಸ್ವರಕ್ಕೆ ಹೋದಾಗ ದನಿ ಒಡೆಯಿತು. ಒಂಬತ್ತು ವರ್ಷದ ಹಿಂದೆ ಒಡೆದ ಅದೇ ಜಾಗದಲ್ಲಿ.

ಅವರು ಮೈಕ್ ಕೆಳಗಿಟ್ಟರು. “ಮೊಸ್ರನ್ನ ತಿಂದೆ ಮಧ್ಯಾಹ್ನ. ಅದೇ ಇರ್ಬೇಕು” ಎಂದರು.

ಬಿಸಿನೀರು ಕುಡಿದು ಇನ್ನೊಮ್ಮೆ ಹಾಡಿದರು. ಮತ್ತೆ ಒಡೆಯಿತು.

“ಅನಂತರಾಜು, ನನ್ ಹೆಸ್ರು ತೆಗ್ಸಿಬುಡಪ್ಪ. ಜ್ವರ ಅಂತ ಹೇಳಿ ಹಿಂದ್ಗಡೆ ಬಾಗ್ಲಲ್ಲಿ ಬಸ್ ಸ್ಟ್ಯಾಂಡಿಗೆ ಹೊಂಟೋಯ್ತೀನಿ.”

“ಒಸಿ ಇರಿ ಯಜಮಾನ್ರೆ. ಸುಮ್ನೆ ಇರಿ.” ಅನಂತರಾಜು ಟ್ರ್ಯಾಕನ್ನು ಒಂಟಿಯಾಗಿ ಮೊದಲಿನಿಂದ ಹಾಕಿ ಕಣ್ಣು ಮುಚ್ಚಿ ಕೇಳಿದರು. ಆಮೇಲೆ ಮಿಕ್ಸರ್ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತರು. “ಇದು ಮೈನಸ್ ಮೂರಲ್ಲ. ಇದು ಸೊನ್ನೆ. ನಿಮ್ ಗಂಟ್ಲು ಸರಿಯಾಗೇ ಐತೆ.”

ವೃಷಭೇಂದ್ರಪ್ಪನವರಿಗೆ ಅದು ಸಮಾಧಾನದ ಮಾತಿನಂತೆ ಕೇಳಿಸಿತು. “ಬುಡಪ್ಪ, ಇಷ್ಟು ವಯಸ್ಸಾಯ್ತು, ನಂಗೆ ಸುಳ್ಳು ಹೇಳ್ಬೇಡ.”

ಲತಾಮಣಿ ವ್ಯಾನಿನಿಂದ ಲ್ಯಾಪ್‌ಟಾಪ್ ತಂದು, ಫೋನಿನ ಇಂಟರ್‌ನೆಟ್‌ಗೆ ಜೋಡಿಸಿ ಆ ಹಾಡನ್ನು ಹುಡುಕಿದರು. ಹೆಸರಿನ ಪಕ್ಕದಲ್ಲಿ ಮೋಡದ ಚಿತ್ರ, ಮುಂದೆ ‘ಹೊಂದಿಕೆಯಾಗಿದೆ’. ಡೌನ್‌ಲೋಡ್ ಒತ್ತಿದರು. ಬಂದದ್ದೂ ಸೊನ್ನೆಯೇ. ಆಗ ಅವರು ಹತ್ತು ದಿನದ ಹಿಂದೆ ಓದಬೇಕಿದ್ದ ಸಹಾಯ ಪುಟವನ್ನು ತೆರೆದು, ನಿಂತಲ್ಲೇ ಓದಿದರು.

ಓದಿ ಮುಗಿಸುವ ಹೊತ್ತಿಗೆ ಅವರ ಮುಖ ಕೆಂಪಾಗಿತ್ತು. “ರೀ, ಅದು ನಮ್ಮ ಹಾಡ್ನ ತಗೊಂಡೇ ಇಲ್ಲ. ಹೆಸರು, ಕಲಾವಿದರು, ಆಲ್ಬಮ್, ಉದ್ದ, ಇಷ್ಟು ನೋಡ್ತದೆ. ಅಂಥಾದ್ದೇ ಒಂದು ಅದರ ಕ್ಯಾಟಲಾಗ್‌ನಲ್ಲಿ ಇದ್ರೆ, ನಮ್ಮ ಫೈಲ್ನ ಮೇಲಕ್ಕೆ ಕಳ್ಸೋದೇ ಇಲ್ಲ. ‘ಇದು ನಮ್ಮತ್ರ ಐತೆ’ ಅಂತ ಗುರುತು ಹಾಕ್ಕೊಂಡು, ಬೇರೆ ಕಡೆ ಕೇಳ್ದಾಗ ಅದರ ಪ್ರತೀನೇ ಕೊಡ್ತದೆ. ಸಿಗದೇ ಇದ್ದೋವ್ನ ಮಾತ್ರ ಅಪ್‌ಲೋಡ್ ಮಾಡೋದು.”

“ಮತ್ತೆ ನೀನು ಹತ್ತು ಹಾಡು ಕೇಳ್ದಲ್ಲ, ಸರಿ ಇದ್ವಲ್ಲ?”

“ಅವಾಗ ಲ್ಯಾಪ್‌ಟಾಪ್‌ನಾಗೇ ಫೈಲ್ ಇತ್ತಲ್ಲ. ಅದ್ನೇ ನುಡಿಸ್ತು.”

ಟ್ಯಾಬ್‌ನಲ್ಲಿ ತಬಲ ಮುಂದೆ ಕೂತ ಹಾಗೆ ಕೇಳಿದ್ದೇಕೆ ಎಂದು ಅನಂತರಾಜುಗೆ ಈಗ ಅರ್ಥವಾಯಿತು. ಅದು ಕಂಪನಿಯ ಮೂಲ ಪ್ರತಿ. ಶ್ರುತಿ ಇಳಿಸಿದ್ದರೂ ಹಾಡಿನ ಉದ್ದ ಒಂದು ಸೆಕೆಂಡೂ ಬದಲಾಗಿರಲಿಲ್ಲ. ಹೆಸರನ್ನು ಲತಾಮಣಿ ಸಿ.ಡಿ. ಹೊದಿಕೆಯಲ್ಲಿದ್ದ ಹಾಗೆಯೇ ಬರೆದಿದ್ದರು. ‘ಲೈನ್‌ಮನ್ ಮೈನಸ್ 3’ ಎಂಬ ಹಳೆಯ ಹೆಸರಲ್ಲೇ ಕಳಿಸಿದ್ದರೆ ಜಗತ್ತಿನ ಯಾವ ಕ್ಯಾಟಲಾಗೂ ಅದನ್ನು ಗುರುತು ಹಿಡಿಯುತ್ತಿರಲಿಲ್ಲ.

“ಗ್ರಂಥಾಲಯದಾಗೆ ಒಂದೇ ಪುಸ್ತಕದ ಎರಡು ಮುದ್ರಣ ಬಂದ್ರೆ ಎರಡು ನಂಬರ್ ಕೊಡ್ತೀನಿ” ಎಂದರು ಲತಾಮಣಿ ಮೆಲ್ಲಗೆ. “ಇಲ್ಲಿ ಎಲ್ಲಾನೂ ಒಂದೇ ಮಾಡಿ ಕೂರ್ಸಿದೆ.”

“ನೀನು ಹೆಸ್ರು ಬದಲಾಯ್ಸಿದ್ದು ಒಂದು ಪಾಲು. ಅಳಿಸಿದೋನು ನಾನು” ಎಂದರು ಅನಂತರಾಜು.

ತಪ್ಪು ಇಬ್ಬರಿಗೂ ಸಮನಾಗಿ ಹಂಚಿಹೋದರೂ ಟ್ರ್ಯಾಕ್ ಬರಲಿಲ್ಲ. ಐದೂಕಾಲು ಆಗಿತ್ತು. ಡೌನ್‌ಲೋಡ್ ಆದ ಪ್ರತಿಯ ಶ್ರುತಿ ಇಳಿಸೋಣವೆಂದರೆ ಅದಕ್ಕೆ ಕಂಪನಿಯ ಬೀಗವಿತ್ತು. ಶ್ರುತಿ ಬದಲಾಯಿಸುವ ತಂತ್ರಾಂಶ ಅದನ್ನು ತೆರೆಯಲೇ ಇಲ್ಲ. ಮೂಲ ಸಿ.ಡಿ. ಕನಕಪುರದಲ್ಲಿ. ಹೋಗಿ ಬರಲು ಮೂರು ಗಂಟೆಗೂ ಹೆಚ್ಚು. ಅಂತರ್ಜಾಲದಲ್ಲಿ ಸಿಕ್ಕ ಬೇರೊಬ್ಬರ ಕರೋಕೆಯ ಶ್ರುತಿ ಇಳಿಸಿದರೂ ಅದರಲ್ಲಿ ಮಧ್ಯದ ವಾದ್ಯಭಾಗ ಎರಡು ಸುತ್ತು ಕಡಿಮೆ ಇತ್ತು. ಅದರ ಮೇಲೆ ಹಾಡಲು ಹೋದ ವೃಷಭೇಂದ್ರಪ್ಪ, ಟ್ರ್ಯಾಕ್ ಮುಗಿದ ಮೇಲೂ ಒಂದು ಸಾಲು ಉಳಿಸಿಕೊಂಡು ನಿಂತರು.

ಅಷ್ಟರಲ್ಲಿ ರುದ್ರಪ್ರಸಾದ್ ರೇಷ್ಮೆ ಪಂಚೆಯಲ್ಲಿ ಒಳಗೆ ಬಂದ. “ಏನ್ ಭಾವ, ಟೆಸ್ಟಿಂಗಾ? ಹೊರ್ಗಡೆ ಅಡುಗೆ ಭಟ್ರು ಕೇಳ್ತಾವ್ರೆ, ಯಾವ್ದೋ ಬಾಗ್ಲು ಕಿರ್ ಅಂತೈತೆ, ಎಣ್ಣೆ ಬಿಡ್ಲಾ ಅಂತ.”

“ಹೋಗ್ಲೇ ರುದ್ರ, ನಿನ್ ಪೇಟ ಸೊಟ್ಟ ಐತೆ, ಅದ್ನ ನೋಡ್ಕೊ” ಎಂದರು ಗಿರಿಜಾಂಬ, ತಲೆ ಎತ್ತದೆ. ಅವನು ಪೇಟ ಮುಟ್ಟಿ ನೋಡಿಕೊಳ್ಳುತ್ತ ಹೋದ.

ವೃಷಭೇಂದ್ರಪ್ಪ ಚಪ್ಪಲಿ ಹುಡುಕತೊಡಗಿದರು. ಲತಾಮಣಿ ಅವರನ್ನು ತಡೆದರು.

“ಯಜಮಾನ್ರೆ, ಒಂದು ಮಾತು. ನಮ್ಮನೆಗೆ ವಾರಕ್ಕೊಂದು ದಿನ ಬತ್ತಿದ್ರಿ. ಮಿಕ್ಕ ಆರು ದಿನ ಮನೇಲಿ ಯಾವ್ದನ್ನ ಹಾಕ್ಕೊಂಡು ಹಾಡ್ತಿದ್ರಿ?”

ಉತ್ತರವನ್ನು ಗಿರಿಜಾಂಬ ಕೊಟ್ಟರು. “ಅದ್ನೇನ್ ಕೇಳ್ತೀರ. ಇವ್ರು ಮೊದ್ಲನೇ ತಿಂಗ್ಳಲ್ಲೇ ನಿಮ್ ಮಹಡಿ ಮೇಲೆ ಕೂತು, ಆ ಡಬ್ಬ ಫೋನ್‌ನಾಗೆ ನಿಮ್ ಹಾಡ್ನ ರೆಕಾರ್ಡ್ ಮಾಡ್ಕೊಂಡು ಬಂದವ್ರೆ. ದಿನಾ ಬೆಳಿಗ್ಗೆ ಆರು ಗಂಟೆಗೆ ಅದ್ನ ಹಾಕೋದು. ಕುಕ್ಕರ್ ಕೂಗ್ತೈತೆ ಅಂತ ನಾನು ಅಡುಗೆಮನೆಗೆ ಓಡೋದು. ನೋಡಿದ್ರೆ ನಮ್ ಕುಕ್ಕರ್ ಇನ್ನೂ ತೊಳ್ದೇ ಇಲ್ಲ.”

“ಕೇಳ್ದೇ ಮಾಡ್ಕೊಂಡೆ” ಎಂದರು ವೃಷಭೇಂದ್ರಪ್ಪ ತಪ್ಪೊಪ್ಪಿಕೊಳ್ಳುವ ದನಿಯಲ್ಲಿ. “ನಿಮ್ ವ್ಯಾಪಾರದ ವಸ್ತು. ಬೇಜಾರು ಮಾಡ್ಕೋಬೇಡಿ.”

“ಎಲ್ಲೈತೆ ಫೋನು?” ಎಂದರು ಅನಂತರಾಜು.

ಕೀಪ್ಯಾಡ್ ಫೋನು ಜೇಬಿನಿಂದ ಬಂತು. ಅದರ ತಲೆಯ ಮೇಲೆ ಇಯರ್‌ಫೋನ್ ಚುಚ್ಚುವ ತೂತಿತ್ತು. ಅನಂತರಾಜು ಮಿಕ್ಸರ್‌ನ ತಂತಿಯನ್ನು ಅದಕ್ಕೆ ಚುಚ್ಚಿ ಬಟನ್ ಒತ್ತಿದರು. ನಾಲ್ಕು ಸ್ಪೀಕರ್‌ಗಳಿಂದ ಮೊದಲು ‘ಸ್‌ಸ್’ ಎಂಬ ಸದ್ದು, ಆಮೇಲೆ ಕನಕಪುರದ ಬಸ್ಸೊಂದರ ಹಾರನ್, ಆಮೇಲೆ ಹಾಡು. ಮಂಕಾಗಿತ್ತು. ಬಾವಿಯೊಳಗೆ ನುಡಿಸಿದ ಹಾಗಿತ್ತು. ಆದರೆ ಮೈನಸ್ ಮೂರು.

ಅನಂತರಾಜು ಎತ್ತರದ ಸದ್ದುಗಳ ಟ್ರೆಬಲ್ ಗುಂಡಿಯನ್ನು ಅರ್ಧ ಇಳಿಸಿ ‘ಸ್‌ಸ್’ ಕಡಿಮೆ ಮಾಡಿದರು. ತಗ್ಗಿನ ಸದ್ದುಗಳ ಬೇಸ್ ಗುಂಡಿಯನ್ನು ಏರಿಸಿದರು. ತಬಲಕ್ಕೆ ಸ್ವಲ್ಪ ಜೀವ ಬಂತು. ವೃಷಭೇಂದ್ರಪ್ಪ ಮೈಕ್ ಇಲ್ಲದೆ, ತುಟಿಯಲ್ಲೇ ಗುನುಗಿಕೊಂಡರು. ಭುಜ ಇಳಿಯಿತು. ಮಧ್ಯದ ವಾದ್ಯಭಾಗ ಮುಗಿಯುವಲ್ಲಿ, ರೆಕಾರ್ಡಿಂಗ್‌ನೊಳಗೆ ಲತಾಮಣಿಯ ಮನೆಯ ಕುಕ್ಕರ್ ಎರಡು ಸಲ ಕೂಗಿತು. ಎರಡನೆಯ ಕೂಗು ನಿಂತ ತಕ್ಷಣ ವೃಷಭೇಂದ್ರಪ್ಪ ಚರಣ ಎತ್ತಿದರು. ಒಂದಿಷ್ಟೂ ತಡವಾಗಲಿಲ್ಲ.

ಅನಂತರಾಜು ಲತಾಮಣಿಯ ಮುಖ ನೋಡಿದರು. ಬುಧವಾರಗಳಂದು ಚರಣದ ಮುಂದೆ ವೃಷಭೇಂದ್ರಪ್ಪ ಯಾವ ಕೂಗಿಗೆ ಕಾಯುತ್ತಿದ್ದರೆಂದು ಈಗ ತಿಳಿಯಿತು.

“ಸೌಂಡ್ ಹಾಕೋನಾಗಿ ಹೇಳ್ತೀನಿ” ಎಂದರು ಅನಂತರಾಜು. “ಇದ್ನ ಮುನ್ನೂರು ಜನದ ಮುಂದೆ ಹಾಕೋದು ಮರ್ಯಾದೆ ಅಲ್ಲ. ಕುಕ್ಕರ್ ಕೂಗಿದ್ರೆ ನಗ್ತಾರೆ. ತೆಗೆಯಾಕೂ ಆಗಲ್ಲ, ಹಾಡಿನ ಜೊತೆನೇ ಕಲ್ಸಿಹೋಗೈತೆ. ಹಾಡ್ತೀರೋ ಇಲ್ವೋ ನೀವೇ ಹೇಳ್ಬೇಕು.”

ವೃಷಭೇಂದ್ರಪ್ಪ ಮೈಕ್ ಎತ್ತಿಕೊಂಡರು. “ಕುಕ್ಕರ್‌ಗೆ ನಗ್ಲಿ ಬುಡಪ್ಪ. ನನ್ ದನಿಗೆ ನಗ್ದಿದ್ರೆ ಸಾಕು.”

ಏಳೂ ಹತ್ತಕ್ಕೆ ನಿರೂಪಕರು ಅವರ ಹೆಸರು ಕರೆದರು. ಸಭಾಂಗಣ ತುಂಬಿತ್ತು. ಮೊದಲ ಸಾಲಿನ ಅಲಂಕೃತ ಕುರ್ಚಿಯಲ್ಲಿ ಹಾರ ಹಾಕಿಕೊಂಡು ಕೂತಿದ್ದ ರುದ್ರಪ್ರಸಾದ್ ಪಕ್ಕದವರ ಕಿವಿಯಲ್ಲಿ ಏನೋ ಹೇಳಿದ. ಅವರು ಆಗಲೇ ನಗಲು ಸಿದ್ಧರಾದರು.

ಪಲ್ಲವಿ ಸಲೀಸಾಗಿ ಹೋಯಿತು. ದೊಡ್ಡ ದನಿಯಲ್ಲ, ಕಂಬದ ಮೇಲಿಂದ ಕೆಳಗಿದ್ದವನಿಗೆ ಹೇಳುವಂಥ ಸ್ಪಷ್ಟ ದನಿ. ಹಿಂದಿನ ಸಾಲುಗಳಲ್ಲಿ ಮಾತು ನಿಂತಿತು. ಆಮೇಲೆ ವಾದ್ಯಭಾಗ. ಕೊಳಲು ಮುಗಿಯುವಾಗ ಕುಕ್ಕರ್ ಕೂಗಿತು.

ಊಟದ ಮನೆಯ ಬಾಗಿಲಲ್ಲಿದ್ದ ಭಟ್ಟರು ಗಾಬರಿಯಿಂದ ಒಳಗೆ ನೋಡಿದರು. ಎಲ್ಲೆಡೆ ನಗು ಹರಡಿತು. ಅದರ ಬೆನ್ನಿಗೆ, ಮಿಕ್ಸರ್ ಪಕ್ಕ ಕೂತಿದ್ದ ಲತಾಮಣಿಗೆ ತಾವೇ ಆಡಿ ಮರೆತಿದ್ದ ಮಾತೊಂದು ನಾಲ್ಕು ಸ್ಪೀಕರ್‌ಗಳಲ್ಲೂ ಕೇಳಿಸಿತು. ಸಂಜೆ ಪರೀಕ್ಷೆ ಮಾಡಿದಾಗ ಮಂದವಾಗಿದ್ದು ಈಗ ಪೂರ್ತಿ ದನಿಯಲ್ಲಿ ಬಂತು: “ರೀ, ಕೆಳಗೆ ಬಂದು ಒಸಿ ಸ್ಟವ್ ಆರ್ಸಿ. ಎಷ್ಟು ಸಲ ಕೂಗ್ಬೇಕು ನಿಮ್ಗೆ.” ಅದಕ್ಕೆ ಅನಂತರಾಜು ದನಿ: “ಬತ್ತೀನಿ ಇರು.”

ಈಗ ಇಡೀ ಸಭೆ ನಕ್ಕಿತು. ಅನಂತರಾಜು ಮಿಕ್ಸರ್‌ನ ಮೇಲೆ ಬಗ್ಗಿ ಇಲ್ಲದ ಗುಂಡಿಯೊಂದನ್ನು ಹುಡುಕಿದರು. ಲತಾಮಣಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ವೇದಿಕೆಯ ಮೇಲೆ ಒಬ್ಬರು ಮಾತ್ರ ನಗಲಿಲ್ಲ. ವೃಷಭೇಂದ್ರಪ್ಪನವರಿಗೆ ಅದು ಹಾಡಿನ ಭಾಗವೇ ಆಗಿತ್ತು. ಆರು ತಿಂಗಳಿಂದ ದಿನವೂ ಕೇಳಿದ್ದರು. ಎರಡನೆಯ ಕೂಗು ಬಂತು, ನಿಂತಿತು, ಅವರು ಚರಣ ಎತ್ತಿದರು.

ನಗುತ್ತಿದ್ದವರು ಹಾಗೆಯೇ ಕೇಳತೊಡಗಿದರು. ಮೊದಲ ಸಾಲು, ಎರಡನೆಯ ಸಾಲು. ಮೂರನೆಯದರಲ್ಲಿ ಆ ಸ್ವರ. ಗಿರಿಜಾಂಬ ಕೈಯಲ್ಲಿದ್ದ ಹೂವಿನ ಬುಟ್ಟಿಯನ್ನು ಬಿಗಿಯಾಗಿ ಹಿಡಿದರು. ವೃಷಭೇಂದ್ರಪ್ಪ ಅದನ್ನು ಮುಟ್ಟಿ, ಒಂದಿಷ್ಟು ಹೊತ್ತು ಅಲ್ಲೇ ನಿಂತು, ಅವಸರವಿಲ್ಲದೆ ಇಳಿದರು.

ಚಪ್ಪಾಳೆ ಹಾಡು ಮುಗಿಯುವ ಮೊದಲೇ ಶುರುವಾಯಿತು. ರುದ್ರಪ್ರಸಾದ್ ಎದ್ದು ನಿಂತ. ಏನಾದರೂ ಹೇಳುತ್ತಾನೆಂದು ಜನ ಅವನ ಕಡೆ ತಿರುಗಿದರು. ಅವನು ತನ್ನ ಕೊರಳಿನ ಹಾರ ತೆಗೆದು, ವೇದಿಕೆ ಹತ್ತಿ, ಭಾವನ ಕೊರಳಿಗೆ ಹಾಕಿ ಇಳಿದುಬಂದ. ಒಂದು ಮಾತೂ ಆಡಲಿಲ್ಲ. ನೆಂಟರಿಗೆ ಅದೇ ದೊಡ್ಡ ಸುದ್ದಿಯಾಯಿತು.

ಊಟದ ಎರಡನೆಯ ಪಂಕ್ತಿ ನಡೆಯುವಾಗ ಅನಂತರಾಜು ತಂತಿ ಸುತ್ತುತ್ತಿದ್ದರು. ಲತಾಮಣಿ ಕೀಪ್ಯಾಡ್ ಫೋನಿನ ಮೆಮೊರಿ ಕಾರ್ಡನ್ನು ಲ್ಯಾಪ್‌ಟಾಪಿಗೆ ಹಾಕಿ ಆ ಒಂದು ಫೈಲನ್ನು ನಕಲು ಮಾಡಿಕೊಳ್ಳುತ್ತಿದ್ದರು. ರುದ್ರಪ್ರಸಾದ್ ಬಂದು, ಹಿಂದೆ ಮುಂದೆ ನೋಡಿ, ದನಿ ತಗ್ಗಿಸಿದ.

“ಒಂದು ಕೇಳ್ಬೇಕಿತ್ತು. ಈ ಇಳ್ಸೋದು ಅಂತೀರಲ್ಲ. ಅದು ಎಲ್ರಿಗೂ ಆಯ್ತದಾ?”

“ಎಲ್ರಿಗೂ ಆಯ್ತದೆ. ನಿಮ್ಗೆ ಯಾವ್ ಹಾಡು ಬೇಕಿತ್ತು?”

“ನಂಗಲ್ಲ, ನಮ್ ಸ್ನೇಹಿತ್ರೊಬ್ರಿಗೆ.”

“ಸ್ನೇಹಿತ್ರು ಒಂದು ಸಾಲು ಹಾಡಿ ತೋರ್ಸಿದ್ರೆ ಗೊತ್ತಾಗ್ತಿತ್ತು” ಎಂದರು ಲತಾಮಣಿ, ಪರದೆಯಿಂದ ಕಣ್ಣು ತೆಗೆಯದೆ.

ರುದ್ರಪ್ರಸಾದ್ ಓಮ್ನಿಯ ಹಿಂಬದಿಗೆ ಹೋಗಿ, ಸ್ಪೀಕರ್ ಪೆಟ್ಟಿಗೆಗಳ ಮಧ್ಯೆ ತಲೆ ತೂರಿಸಿ, ಒಂದು ಸಾಲು ಹಾಡಿದ. ಅರ್ಧದಲ್ಲೇ ನಿಲ್ಲಿಸಿದ.

ಅನಂತರಾಜು ಯೋಚಿಸಿದರು. “ಮೈನಸ್ ಐದು. ಬುಧವಾರ ಸಂಜೆ ಬನ್ನಿ ಕನಕಪುರಕ್ಕೆ.”

“ಬುಧವಾರ ಬೇಡ. ಭಾವ ಬತ್ತಾರೆ. ಅವ್ರಿಗೆ ಗೊತ್ತಾಗ್ಬಾರ್ದು.”

“ಗೊತ್ತಾಗಲ್ಲ ಬುಡ್ಲಾ” ಎಂದರು ವೃಷಭೇಂದ್ರಪ್ಪ. ಹಾರ ಇನ್ನೂ ಕೊರಳಲ್ಲಿತ್ತು. ಒಂದು ಕೈಯಲ್ಲಿ ಎಲೆಯಡಿಕೆ ಹಿಡಿದು ಅವರು ವ್ಯಾನಿನ ಆ ಬದಿಯಲ್ಲಿ ಎಷ್ಟು ಹೊತ್ತಿನಿಂದಲೋ ನಿಂತಿದ್ದರು. “ಬಸ್ಸಲ್ಲಿ ಬರೋದಾದ್ರೆ ರಾಮನಗರದಲ್ಲಿ ಇಳ್ದು ಬದಲಾಯ್ಸು. ಮಧ್ಯಾಹ್ನವೇ ಹೊರಡು, ಸಂಜೆ ರಷ್ ಜಾಸ್ತಿ.”